ಸಹಾಯ ಬೇಕು: ತಮ್ಮನ ಅಗ್ನಿವೀರ್ ರ‍್ಯಾಲಿ, ಮಧ್ಯೆ ಒಬ್ಬ ಏಜೆಂಟ್

ನಮಸ್ಕಾರ. ತಮ್ಮ ಅಗ್ನಿವೀರ್ ಜಿಡಿ ಆನ್‌ಲೈನ್ ಪರೀಕ್ಷೆ ಪಾಸಾಗಿದ್ದಾನೆ. ಮುಂದಿನ ತಿಂಗಳು ರ‍್ಯಾಲಿ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್‌ಗೆ 40 ಅಂಕ. ಇವನ ಓಟ 5:50ಕ್ಕೆ ನಿಂತಿದೆ. ಮೊದಲ ಸುತ್ತಲ್ಲೇ ಜೋರಾಗಿ ಓಡಿ ಕೊನೆಗೆ ಸುಸ್ತಾಗುತ್ತಾನೆ. 400 ಮೀಟರ್ ಮೈದಾನದಲ್ಲಿ ಸುತ್ತಿಗೆ 82 ಸೆಕೆಂಡು ಹಿಡಿದರೆ ಸಾಕು ಅಂತ ಲೆಕ್ಕ ಹಾಕಿ ಕೊಟ್ಟಿದ್ದೇನೆ. ಕಾಲು ಕೇಳಬೇಕಲ್ವಾ! ಎದೆ ಉಬ್ಬಿಸಿದಾಗ 5 ಸೆಂ.ಮೀ. ಹಿಗ್ಗಬೇಕು, ಟೇಪಲ್ಲಿ 4 ಬರುತ್ತಿದೆ. ಇವೆರಡಕ್ಕೂ ಒಂದು ತಿಂಗಳಲ್ಲಿ ಏನು ಮಾಡಿಸಬಹುದು? ರ‍್ಯಾಲಿಗೆ ಹೋಗಿ ಬಂದವರು ಹೇಳಿ.

ಇನ್ನೊಂದು ತಲೆನೋವು. ಒಬ್ಬ ಮನೆಗೇ ಬಂದು, "ಮೆಡಿಕಲ್ ನಾನು ಮಾಡಿಸ್ತೀನಿ, ಆಗದಿದ್ರೆ ದುಡ್ಡು ವಾಪಸ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ" ಅಂದ. ಅಪ್ಪ ಅರ್ಧ ಒಪ್ಪಿಬಿಟ್ಟಿದ್ದಾರೆ. ಆ ಏಜೆಂಟ್ ಏನೂ ಮಾಡಬೇಕಿಲ್ಲ. ಹತ್ತು ಹುಡುಗರ ಹತ್ತಿರ ತಗೊಂಡರೆ, ತಾವೇ ಪಾಸಾದ ಇಬ್ಬರ ದುಡ್ಡು ಅವನಿಗೆ. ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರೆ ಹುಡುಗ ಬಾಯಿ ಬಿಡುವಂತಿಲ್ಲ. ರ‍್ಯಾಲಿಯಲ್ಲಿ ಒರಿಜಿನಲ್ ತೋರಿಸಲೇಬೇಕು. ಮೆಡಿಕಲ್‌ನಲ್ಲಿ ಅನ್‌ಫಿಟ್ ಆದರೂ ಮಿಲಿಟರಿ ಆಸ್ಪತ್ರೆಯಲ್ಲಿ ರಿವ್ಯೂಗೆ ಅವಕಾಶ ಇದೆ. ಹೀಗೆ ರಿವ್ಯೂನಲ್ಲಿ ಪಾಸಾದವರು ಯಾರಾದರೂ ಇದ್ದರೆ ಅಪ್ಪನ ಜೊತೆ ಫೋನಲ್ಲಿ ಎರಡು ಮಾತಾಡ್ತೀರಾ? ನನ್ನ ಮಾತು ಕೇಳ್ತಿಲ್ಲ.