ಸಹಾಯ ಬೇಕು: ಆನ್‌ಕಾಲ್ ಸರದಿ ಹೇಗೆ ಹಾಕೋದು?

ನಮ್ಮ ಸಪೋರ್ಟ್ ಟೀಮಿನಲ್ಲಿ ಆರು ಜನ ಇದ್ದೇವೆ. ವಾರಪೂರ್ತಿ ಒಬ್ಬರೇ ಫೋನ್ ಹಿಡಿದರೆ ಸುಸ್ತಾಗುತ್ತದೆ ಅಂತ ಸರದಿಯನ್ನು ಎರಡಾಗಿ ಒಡೆದೆವು: ಸೋಮವಾರದಿಂದ ಗುರುವಾರ ಒಬ್ಬರು, ಶುಕ್ರವಾರದಿಂದ ಭಾನುವಾರ ಮುಂದಿನವರು. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಮೂವರಿಗೆ ಬರೀ ವಾರಾಂತ್ಯವೇ ಬರುತ್ತಿದೆ! ವಾರಕ್ಕೆ ಎರಡು ಪಾಳಿ, ಜನ ಆರು. ಸಮಸಂಖ್ಯೆ ಆದ್ದರಿಂದ ಪ್ರತಿ ಸುತ್ತಿನಲ್ಲೂ ಅವರವರಿಗೆ ಅದೇ ಪಾಳಿ ಬರುತ್ತದೆ. ಐವರೋ ಏಳು ಜನರೋ ಇದ್ದಿದ್ದರೆ ತಾನಾಗಿಯೇ ಬದಲಾಗುತ್ತಿತ್ತು.

ಈಗ ಎರಡು ಬೇರೆ ಪಟ್ಟಿ ಮಾಡುವ ಯೋಚನೆ ಇದೆ. ವಾರದ ದಿನಗಳ ಸರದಿ ಮುಗಿಸಿದವರಿಗೆ ಮೂರು ವಾರ ಬಿಟ್ಟು ವಾರಾಂತ್ಯ. ಆದರೂ ಲೆಕ್ಕ ಪೂರ್ತಿ ಸರಿಯಾಗಲ್ಲ. ಒಬ್ಬರ ಪಾಳಿಯಲ್ಲಿ ರಾತ್ರಿ ಒಂದೂ ಕರೆ ಬರಲ್ಲ, ಇನ್ನೊಬ್ಬರನ್ನು ನಾಲ್ಕು ಸಲ ಎಬ್ಬಿಸುತ್ತದೆ. ರಾತ್ರಿ ಕರೆಗಳನ್ನು ಎಣಿಸಿ ಮರುದಿನ ತಡವಾಗಿ ಬರಲು ಬಿಡುವವರು ಯಾರಾದರೂ ಇದ್ದೀರಾ?

ಇನ್ನೊಂದು ತಲೆನೋವು ಹ್ಯಾಂಡೋವರ್. ಶುಕ್ರವಾರ ಬೆಳಿಗ್ಗೆ ಚಾಟ್‌ನಲ್ಲಿ "ಎಲ್ಲಾ ಓಕೆ" ಅಂತ ಹಾಕಿ ಹೋಗುತ್ತಾರೆ. ಹೋದ ವಾರ ಗ್ರಾಹಕರೊಬ್ಬರಿಗೆ ಶನಿವಾರ ಫೋನ್ ಮಾಡುತ್ತೇವೆ ಅಂತ ಹೇಳಿದ್ದು ಮುಂದಿನವರಿಗೆ ತಿಳಿಯಲೇ ಇಲ್ಲ. ಬೈಗುಳ ತಿಂದದ್ದು ನಾನು. ತೆರೆದಿರುವ ಟಿಕೆಟ್, ಕೊಟ್ಟ ಮಾತು, ತಾತ್ಕಾಲಿಕವಾಗಿ ಮುಚ್ಚಿಟ್ಟ ಅಲರ್ಟ್, ಈ ಮೂರನ್ನು ಬರೆದು ಹದಿನೈದು ನಿಮಿಷ ಮಾತಾಡಿದರೆ ಸಾಕಾ? ಮುಂದಿನವರು "ತಗೊಂಡೆ" ಅನ್ನುವವರೆಗೆ ಜವಾಬ್ದಾರಿ ಹಳಬರದ್ದೇ ಅಂತ ಇಟ್ಟರೆ ನಡೆಯುತ್ತಾ? ಮಾಡಿ ನೋಡಿದವರು ಹೇಳಿ ಪ್ಲೀಸ್.