ಅಂಡರ್‌ಕಟ್ ಅಂದ್ರೆ ಬರೀ ಬೇಗ ಪಿಟ್‌ಗೆ ಹೋಗೋದಾ?

ಎಫ್ ಒನ್ ಕಾಮೆಂಟರಿಲಿ "ಇವತ್ತು ಅಂಡರ್‌ಕಟ್ ಜೋರಾಗಿದೆ" ಅಂತ ಪದೇ ಪದೇ ಹೇಳ್ತಾರೆ. ಮುಂದಿನ ಗಾಡಿಗಿಂತ ಮೊದಲು ಪಿಟ್‌ಗೆ ಹೋದ್ರೆ ಸಾಕಾ, ಅದನ್ನೇ ಅಂಡರ್‌ಕಟ್ ಅನ್ನೋದಾ? ಹಾಗಿದ್ರೆ ಎಲ್ರೂ ಬೇಗನೇ ಹೋಗಬಹುದಲ್ವಾ?

---

ಟೈರ್ ಸವೆದು ಹೋಗೋ ಮುಂಚೆನೇ ಬದಲಾಯಿಸೋದು ಅಂತ ಅರ್ಥ. ರಬ್ಬರ್ ಇನ್ನೆಷ್ಟು ಲ್ಯಾಪ್ ಬರುತ್ತೆ ಅಂತ ಲೆಕ್ಕ ಹಾಕಿ ಎರಡು ಲ್ಯಾಪ್ ಮೊದಲೇ ಕರೀತಾರೆ, ಅಷ್ಟೇ.

---

ಸರ್, ಸವೆತ ಬೇರೆ, ಡಿಗ್ರೇಡೇಶನ್ ಬೇರೆ. ರಬ್ಬರ್ ಇನ್ನೂ ದಪ್ಪಗೇ ಇರಬಹುದು, ಆದ್ರೆ ಬಿಸಿಯಾಗಿ ಹಿಡಿತ ಕಳ್ಕೊಂಡು ಲ್ಯಾಪ್ ಟೈಮ್ ಏರ್ತಾ ಇರುತ್ತೆ, ಅಂಡರ್‌ಕಟ್‌ಗೆ ಬೇಕಾಗಿರೋದು ಹಳೇ ಟೈರಿಗೂ ಹೊಸದಕ್ಕೂ ಇರೋ ಆ ವೇಗದ ವ್ಯತ್ಯಾಸ. ನೋಡೋಕೆ ಅದೂ ಅಷ್ಟು ಸುಲಭ ಇಲ್ಲ, ಇಂಧನ ಖಾಲಿಯಾದಂಗೆ ಗಾಡಿ ಹಗುರಾಗಿ ವೇಗ ಹೆಚ್ಚಬೇಕು, ಹಾಗಾಗಿ ಲ್ಯಾಪ್ ಟೈಮ್ ಒಂದೇ ಸಮ ಇದ್ರೂ ಟೈರ್ ಬಿದ್ದು ಹೋಗ್ತಿದೆ ಅಂತಲೇ ಅರ್ಥ.

ಒಂದು ಲೆಕ್ಕ ನೋಡಿ. ಮುಂದಿನವನಿಗಿಂತ ನೀವು 1.5 ಸೆಕೆಂಡ್ ಹಿಂದಿದೀರಿ, 18ನೇ ಲ್ಯಾಪ್ ಕೊನೆಗೆ ಪಿಟ್‌ಗೆ ಹೋದ್ರಿ. 19ರಲ್ಲಿ ಹೊಸ ಟೈರ್‌ನಲ್ಲಿ ನೀವು 2 ಸೆಕೆಂಡ್ ಗಳಿಸಿದ್ರೆ, ಆ ಲ್ಯಾಪ್ ಮುಗಿಸಿ ಅವನೂ ಪಿಟ್‌ಗೆ ಹೋಗಿ ಬರೋ ಹೊತ್ತಿಗೆ ನೀವು ಅರ್ಧ ಸೆಕೆಂಡ್ ಮುಂದೆ. ಪಿಟ್‌ನಲ್ಲಿ ಕಳೆಯೋ 22 ಸೆಕೆಂಡ್ ಇಬ್ರಿಗೂ ಒಂದೇ ಅನ್ಕೊಳ್ಳಿ.

ಆದ್ರೆ ನಿಮ್ಮಿಂದ 21 ಸೆಕೆಂಡ್ ಹಿಂದೆ ನಿಧಾನದ ಗಾಡಿ ಒಂದು ಬರ್ತಿದ್ರೆ ನೀವು ಆಚೆ ಬರೋದು ಅದರ ಬೆನ್ನಿಗೇ, ಆ 2 ಸೆಕೆಂಡ್ ಅಲ್ಲೇ ಕರಗೋಯ್ತು. ಸಿಮ್ಯುಲೇಶನ್‌ನಲ್ಲಿ ಮುಖ್ಯವಾಗಿ ಹುಡುಕೋದೇ ಈ ಖಾಲಿ ಜಾಗನ, ಯಾವ ಲ್ಯಾಪ್‌ನಲ್ಲಿ ಬಂದ್ರೆ ಮುಂದೆ ದಾರಿ ಬಿಡುವಾಗಿದೆ ಅಂತ. ಸೇಫ್ಟಿ ಕಾರ್ ಬಂತು ಅಂದ್ರೆ ಆ ಲೆಕ್ಕನೂ ಹೋಯ್ತು ಬಿಡಿ.

---

ನಾನು ಗೇಮ್‌ನಲ್ಲಿ ಹಿಂಗೇ ಮಾಡ್ತೀನಿ, ಮುಂದೆ ಯಾರೂ ಇರಲ್ಲ, ಹಾರ್ಡ್ ಟೈರ್ ಹಾಕ್ತೀನಿ, ಆದ್ರೂ ಹಿಂದೇನೇ ಉಳೀತೀನಲ್ಲ. ಪಿಟ್ ಸ್ಟಾಪ್ ಇನ್ನೂ ಫಾಸ್ಟ್ ಮಾಡೋದು ಹೆಂಗೆ?

---

ಅದು ಪಿಟ್ ಸ್ಟಾಪ್ ತೊಂದರೆ ಇರಲಿಕ್ಕಿಲ್ಲ. ಹಾರ್ಡ್ ಟೈರ್ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಹಳೇ ಟೈರ್‌ನವನೇ ನಿಮಗಿಂತ ಫಾಸ್ಟ್. ಹಂಗೆ ಹೊರಗೇ ಉಳಿದು ಮುಂದಾಗೋದಕ್ಕೆ ಓವರ್‌ಕಟ್ ಅಂತಾರೆ, ಮೊನಾಕೋದಲ್ಲಿ ಆಗಾಗ ನಡೆಯುತ್ತೆ.

---

ಈಗ ಹೊಳೀತು. ಆದ್ರೆ 2024ರ ಹಂಗೇರಿ ರೇಸ್‌ನಲ್ಲಿ ಮೆಕ್‌ಲಾರೆನ್ ಹ್ಯಾಮಿಲ್ಟನ್‌ನ ತಡೆಯೋಕೆ ಅಂತ ಎರಡನೇ ಜಾಗದಲ್ಲಿದ್ದ ನೋರಿಸ್‌ನ ಮೊದಲು ಕರೀತು, ಅವನು ತನ್ನದೇ ಟೀಮ್‌ನ ಪಿಯಾಸ್ಟ್ರಿಗಿಂತ ಮುಂದೆ ಬಂದ, ಕೊನೆಗೆ ಜಾಗ ಬಿಟ್ಟುಕೊಟ್ಟ. ಪಿಯಾಸ್ಟ್ರಿನ ದಾಟೋ ಉದ್ದೇಶನೇ ಇಲ್ದಿದ್ರೂ ಅದನ್ನ ಅಂಡರ್‌ಕಟ್ ಅನ್ನಬಹುದಾ?

---

ನನ್ನ ಪ್ರಕಾರ ಅನ್ನಬಹುದು, ಟೈರಿಗೆ ಉದ್ದೇಶ ಗೊತ್ತಾಗಲ್ಲ.

---

ಒಪ್ಪಲ್ಲ ರೀ, ಅದು ಹ್ಯಾಮಿಲ್ಟನ್‌ನ ಅಂಡರ್‌ಕಟ್‌ಗೆ ಕೊಟ್ಟ ಕವರ್, ಬೇಕು ಅಂತ ದಾಟಿದ್ದಲ್ಲ.