ಫೀಸು ಬರದ ತಿಂಗಳುಗಳಿಗೆ ಎಷ್ಟು ದುಡ್ಡು ಎತ್ತಿಡಬೇಕು?

ಪ್ರಶ್ನೆ (ಟ್ಯೂಷನ್ ನಡೆಸುವವರು, ಹಾಸನ): 8, 9, 10ನೇ ಕ್ಲಾಸಿಗೆ ಟ್ಯೂಷನ್ ಇದೆ. ತುಂಬಿದಾಗ 120 ಮಕ್ಕಳು, ಅದರಲ್ಲಿ 70 ಜನ ಎಸ್ಸೆಸ್ಸೆಲ್ಸಿ. ತಿಂಗಳಿಗೆ 1,500 ಫೀಸು. ಮೇಷ್ಟ್ರುಗಳ ಸಂಬಳ 80,000, ಬಾಡಿಗೆ 20,000, ಉಳಿದದ್ದು 15,000. ವರ್ಷದ ವಸೂಲಿಯನ್ನು 12ರಿಂದ ಭಾಗಿಸಿದರೆ ಲಾಭ ಕಾಣುತ್ತದೆ. ಆದರೂ ಪ್ರತಿ ಮೇ ತಿಂಗಳು ಸಾಲ ಮಾಡುತ್ತೇನೆ. ಒಂದು ವರ್ಷದ ರಸೀದಿ ಪುಸ್ತಕ ಇದೆ. ಮುಂದಿನ ವರ್ಷದ ಅಂದಾಜು ಹೇಗೆ ಮಾಡಲಿ?

ನಿವೃತ್ತ ಬ್ಯಾಂಕ್ ಉದ್ಯೋಗಿ: ಸುಲಭ ಮೇಡಂ. ಪ್ರತಿ ತಿಂಗಳ ವಸೂಲಿಯನ್ನು ಸರಾಸರಿಯಿಂದ ಭಾಗಿಸಿ. ಅಕ್ಟೋಬರ್ 0.8 ಬಂದರೆ ಮುಂದಿನ ಅಕ್ಟೋಬರಿಗೂ 0.8 ಹಾಕಿ.

ಲೆಕ್ಕಪತ್ರ ನೋಡುವವರು: ಐದಾರು ವರ್ಷದ ಲೆಕ್ಕ ಇದ್ದರೆ ಸರ್ ಹೇಳಿದ ದಾರಿ ಸರಿ. ಒಂದೇ ವರ್ಷ ಇದ್ದಾಗ ಅದು ಕೈಕೊಡುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ 2021ರಲ್ಲಿ ಜುಲೈಗೆ ಹೋಯಿತು, 2023ರಲ್ಲಿ ಮಾರ್ಚ್ 31ಕ್ಕೆ ಶುರುವಾಯಿತು, 2025ರಲ್ಲಿ ಮಾರ್ಚ್ 21ಕ್ಕೇ ಬಂತು. ಕುಸಿತ ಕ್ಯಾಲೆಂಡರಿನ ತಿಂಗಳಿಗೆ ಅಂಟಿಕೊಂಡಿಲ್ಲ, ಮಕ್ಕಳು ಬಿಟ್ಟು ಹೋಗುವ ದಿನಕ್ಕೆ ಅಂಟಿಕೊಂಡಿದೆ.

ಮೇಡಂ, ರಸೀದಿಯಲ್ಲಿ ಎರಡು ತಿಂಗಳು ಇರುತ್ತವೆ ಅಲ್ವಾ? ಯಾವ ತಿಂಗಳ ಬಾಬ್ತು, ಯಾವಾಗ ಕೊಟ್ಟರು. ಎರಡನ್ನೂ ಎಕ್ಸೆಲ್ ಶೀಟಿನಲ್ಲಿ ಬೇರೆ ಬೇರೆ ಕಾಲಮ್ಮಿನಲ್ಲಿ ಏರಿಸಿ. B ಬಾಬ್ತಿನ ತಿಂಗಳು, C ಕೊಟ್ಟ ತಿಂಗಳು, D ಮೊತ್ತ. ಅಕ್ಟೋಬರಿನ ಫೀಸು ನವೆಂಬರಿನಲ್ಲಿ ಎಷ್ಟು ಬಂತು ಅಂತ ಹೀಗೆ ನೋಡಬಹುದು:

```
=SUMIFS(D:D,B:B,"Oct",C:C,"Nov")
```

ಪ್ರಶ್ನೆ ಕೇಳಿದವರು: ಏರಿಸಿ ನೋಡಿದೆ ಸರ್. ದಸರಾ ರಜೆಯಲ್ಲಿ ಕಡಿಮೆ ಬಂದಿದ್ದು ಮುಂದಿನ ತಿಂಗಳು ಬಂದುಬಿಟ್ಟಿದೆ. ಸಾಮಾನ್ಯವಾಗಿ ಆ ತಿಂಗಳೇ 70%, ಮುಂದಿನ ತಿಂಗಳು 20%, ಅದರ ಮುಂದಿನ ತಿಂಗಳು 5%. ಉಳಿದ 5% ಬರುವುದೇ ಇಲ್ಲ. ಎಸ್ಸೆಸ್ಸೆಲ್ಸಿಯವರದ್ದು ಮಾತ್ರ ಫೆಬ್ರವರಿ ಕಳೆದ ಮೇಲೆ ಹಳೆ ಬಾಕಿ ಒಂದು ರೂಪಾಯಿಯೂ ಬಂದಿಲ್ಲ.

ಲೆಕ್ಕಪತ್ರ ನೋಡುವವರು: ಹಾಗಾದರೆ ದಸರಾದ್ದು ಬರೀ ತಡ, ಅದಕ್ಕೆ ಹೆದರಬೇಡಿ. ಮಾರ್ಚಿನದ್ದು ನಿಜವಾದ ನಷ್ಟ. ಎಸ್ಸೆಸ್ಸೆಲ್ಸಿಗೂ ಕೆಳಗಿನ ಕ್ಲಾಸಿಗೂ ಬೇರೆ ಸಾಲು ಮಾಡಿ.

ಎಸ್ಸೆಸ್ಸೆಲ್ಸಿಯ 70 ಜನ ಬಿಟ್ಟು ಹೋದ ಮೇಲೆ ಮಾರ್ಚಿನಲ್ಲಿ 50 ಮಕ್ಕಳು, ಬರಬೇಕಾದ್ದು 75,000. ಅದರ 70% ಅಂದರೆ 52,500. ಅದೇ ಮಕ್ಕಳ ಫೆಬ್ರವರಿ ಬಾಕಿ 15,000, ಜನವರಿಯದ್ದು 3,750. ಒಟ್ಟು 71,250. ಎಸ್ಸೆಸ್ಸೆಲ್ಸಿ ಬಾಕಿಯೂ ಬರುತ್ತದೆ ಅಂತ ಸುಮ್ನೆ ಸೇರಿಸಿದ್ದರೆ 97,500 ಕಾಣುತ್ತಿತ್ತು. ನಿಮ್ಮ ಅಂದಾಜು ತಪ್ಪುವ ಜಾಗ ಇದೇ.

ಖರ್ಚು ಮಾತ್ರ ಪ್ರತಿ ತಿಂಗಳೂ 1,15,000. ಮಾರ್ಚಿನಲ್ಲಿ 43,750 ಕಡಿಮೆ. ಏಪ್ರಿಲಿನಲ್ಲಿ ಬರುವುದು ಬರೀ ಹಳೆ ಬಾಕಿ 18,750, ಹಾಗಾಗಿ 96,250 ಕಡಿಮೆ. ಮೇನಲ್ಲಿ 1,11,250 ಕಡಿಮೆ. ಜೂನಿನಲ್ಲಿ 60 ಮಕ್ಕಳು ಸೇರಿದರೂ 70%ರ ಪ್ರಕಾರ ಕೈಗೆ ಬರುವುದು 63,000, ಅಲ್ಲೂ 52,000 ಕಡಿಮೆ. ಕೂಡಿದರೆ 3,03,250. ಜುಲೈನಲ್ಲಿ 100 ಮಕ್ಕಳಾದರೆ ಆ ತಿಂಗಳು 8,000 ಉಳಿಯುತ್ತದೆ. ಅಂದರೆ ಅತಿ ತಳ ಮುಟ್ಟುವುದು ಮೇನಲ್ಲಿ ಅಲ್ಲ, ಜೂನ್ ಕೊನೆಗೆ. ಫೆಬ್ರವರಿ ಕೊನೆಗೆ ಖಾತೆಯಲ್ಲಿ ಮೂರು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು. ತುಂಬಿದ ತಿಂಗಳಲ್ಲಿ ನಿಮಗೆ ಉಳಿಯುವುದು 56,000. ಐದೂವರೆ ತಿಂಗಳ ಉಳಿತಾಯ ಪೂರ್ತಿ ಇದಕ್ಕೇ ಬೇಕು. ಅದನ್ನು ಮನೆ ಖರ್ಚಿಗೆ ತೆಗೆದಿದ್ದೀರಿ ಅನಿಸುತ್ತದೆ. ಸರಾಸರಿ ತೆಗೆದರೆ ಇದು ಕಾಣುವುದಿಲ್ಲ.

ಜೂನಿನ ಸೇರ್ಪಡೆಯನ್ನು 60 ಬದಲು 40 ಮಾಡಿಯೂ ಒಮ್ಮೆ ನೋಡಿ. ಆ ತಿಂಗಳೊಂದರಲ್ಲೇ 21,000 ಜಾಸ್ತಿ ಬೇಕಾಗುತ್ತದೆ.

ನೀಟ್, ಸಿಇಟಿ ಕೋಚಿಂಗ್ ನಡೆಸುವವರು: ನಮಗೆ ಏಪ್ರಿಲಿನಲ್ಲೇ ಜಾಸ್ತಿ ದುಡ್ಡು ಬರುವುದು. ಕ್ರ್ಯಾಶ್ ಕೋರ್ಸಿಗೆ ಪೂರ್ತಿ ಫೀಸು ಮೊದಲೇ ತಗೋತೀವಿ. ಮೇಡಂ ಕೂಡ ಅದನ್ನೇ ಮಾಡಬಹುದು.

ಲೆಕ್ಕಪತ್ರ ನೋಡುವವರು: ಅವರದ್ದು ಹೈಸ್ಕೂಲು ಸರ್, ಪಿಯುಸಿ ಅಲ್ಲ. ಆದರೆ ಮೊದಲೇ ತೆಗೆದುಕೊಳ್ಳುವ ಮಾತು ಉಪಯೋಗಕ್ಕೆ ಬರುತ್ತದೆ. ಎಸ್ಸೆಸ್ಸೆಲ್ಸಿಯವರ ಜನವರಿ, ಫೆಬ್ರವರಿ ಫೀಸನ್ನು ಡಿಸೆಂಬರ್ ಒಳಗೆ ಕಂತಿನಲ್ಲಿ ವಸೂಲು ಮಾಡಿದರೆ ಬರದೇ ಹೋಗುವ ಬಾಕಿ ಬಹಳ ಮಟ್ಟಿಗೆ ತಪ್ಪುತ್ತದೆ.

ನಿವೃತ್ತ ಬ್ಯಾಂಕ್ ಉದ್ಯೋಗಿ: ಏಪ್ರಿಲ್, ಮೇನಲ್ಲಿ ಮೇಷ್ಟ್ರುಗಳಿಗೆ ಅರ್ಧ ಸಂಬಳ ಕೊಟ್ಟರೆ 80,000 ಉಳಿಯುತ್ತದಲ್ಲ?

ಗಣಿತದ ಮೇಷ್ಟ್ರು, ಇನ್ನೊಂದು ಸೆಂಟರ್: ಅರ್ಧ ಸಂಬಳ ಅಂತ ಮಾರ್ಚಿನಲ್ಲಿ ಹೇಳಿದರೆ ನಾನು ಮೇನಲ್ಲೇ ಬೇರೆ ಕಡೆ ಸೇರುತ್ತೇನೆ ಸರ್. ಜೂನಿನಲ್ಲಿ ಗಣಿತಕ್ಕೆ ಯಾರಿಲ್ಲ ಅಂದರೆ ಆ 60 ಮಕ್ಕಳೂ ಬರುವುದಿಲ್ಲ.

ಲೆಕ್ಕಪತ್ರ ನೋಡುವವರು: ಈ ಮಾತಿಗೆ ನನ್ನ ಶೀಟಿನಲ್ಲಿ ಉತ್ತರ ಇಲ್ಲ. ಸಂಬಳ ಇಳಿಸಿ ನೋಡುವಾಗ ಜೂನಿನ ಮಕ್ಕಳನ್ನೂ ಇಳಿಸಿ ನೋಡಿ ಮೇಡಂ. ಎಷ್ಟು ಇಳಿಸಬೇಕು ಅನ್ನುವುದು ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು: ಸಂಬಳ ಮುಟ್ಟುವುದಿಲ್ಲ ಸರ್. ಎಸ್ಸೆಸ್ಸೆಲ್ಸಿ ಫೀಸನ್ನು ಕಂತು ಮಾಡುತ್ತೇನೆ. ಪೋಷಕರು ಡಿಸೆಂಬರಿನಲ್ಲಿ ಅಷ್ಟು ಕೊಡುತ್ತಾರಾ ಅನ್ನೋದೇ ಈಗ ಚಿಂತೆ.